ಕತ್ತಿಗೂ ಕುದುರೆಗೂ ಹೆಸರು ದಕ್ಕುವ ಹೊತ್ತು

ಜೆ. ಆರ್. ಆರ್. ಟೋಲ್ಕಿನ್ 1937ರಲ್ಲಿ ಪ್ರಕಟಿಸಿದ ‘ದಿ ಹಾಬಿಟ್’ ಕಾದಂಬರಿಯಲ್ಲಿ ದೈತ್ಯರ ಗುಹೆಯೊಂದರಲ್ಲಿ ಮೂರು ಆಯುಧಗಳು ಸಿಗುತ್ತವೆ. ಎರಡು ಉದ್ದನೆಯ ಕತ್ತಿಗಳು. ಅವನ್ನು ಮಾಂತ್ರಿಕ ಗ್ಯಾಂಡಾಲ್ಫ್ ಮತ್ತು ಕುಳ್ಳರ ನಾಯಕ ಥೋರಿನ್ ಎತ್ತಿಕೊಳ್ಳುತ್ತಾರೆ. ಮೂರನೆಯದು ಸಣ್ಣ ಚೂರಿ. ಅದು ಬಿಲ್ಬೋ ಎಂಬ ಮೋಟು ಜೀವಿಯ ಪಾಲಿಗೆ ಬರುತ್ತದೆ. ಅವನ ಗಾತ್ರಕ್ಕೆ ಅದೇ ಕತ್ತಿ. ಮುಂದೆ ಜ್ಞಾನಿ ಎಲ್ರಾಂಡ್ ದೊಡ್ಡ ಕತ್ತಿಗಳ ಮೇಲಿನ ಬರಹ ಓದಿ ಅವುಗಳ ಹೆಸರು ಹೇಳುತ್ತಾನೆ: ಗ್ಲಾಮ್‌ಡ್ರಿಂಗ್, ಆರ್ಕ್‌ರಿಸ್ಟ್. ಎಂದೋ ಅಳಿದ ಒಂದು ನಗರದಲ್ಲಿ ಬಡಿದು ಮಾಡಿದ ಕತ್ತಿಗಳಂತೆ ಅವು. ಬಿಲ್ಬೋನ ಚೂರಿಗೆ ಮಾತ್ರ ಹೆಸರಿಲ್ಲ. ಅದರ ಮೇಲೆ ಅಂಥ ಬರಹವೂ ಇಲ್ಲ.

ಅಧ್ಯಾಯಗಳು ಉರುಳಿದ ಮೇಲೆ, ಕತ್ತಲ ಕಾಡಿನಲ್ಲಿ ಸಂಗಾತಿಗಳನ್ನು ಕಳೆದುಕೊಂಡ ಬಿಲ್ಬೋ ದೈತ್ಯ ಜೇಡವೊಂದು ತನ್ನನ್ನು ನೂಲಿನಿಂದ ಸುತ್ತುತ್ತಿರುವಾಗ ಎಚ್ಚರಗೊಳ್ಳುತ್ತಾನೆ. ಯಾರ ನೆರವೂ ಇಲ್ಲದೆ ಅದನ್ನು ಕೊಲ್ಲುತ್ತಾನೆ. ಆಮೇಲೆ ಚೂರಿಗೆ ತಾನೇ ಹೆಸರಿಡುತ್ತಾನೆ: ಸ್ಟಿಂಗ್, ಅಂದರೆ ಕುಟುಕು. ಅಷ್ಟು ಹೊತ್ತಿಗೆ ಓದುಗ ಆ ಚೂರಿಯ ಜೊತೆ ಹಲವು ಅಧ್ಯಾಯ ನಡೆದಿರುತ್ತಾನೆ. ಹೆಸರು ಬಂದಾಗ ಅದನ್ನು ಯಾರೂ ವಿವರಿಸಬೇಕಾಗಿಲ್ಲ.

ಮಹಾಕಾವ್ಯದ ಹರವಿನ ಕಲ್ಪನಾಲೋಕದ ಕಾದಂಬರಿ ಬರೆಯುವವರು ಬೇಗ ಎಡವುವ ಜಾಗ ಇದು. ಕತ್ತಿ, ಕುದುರೆ, ಹಡಗುಗಳಿಗೆ ಘನವಾದ ಹೆಸರು ಹುಡುಕಿ, ಮೊದಲ ಪುಟದಲ್ಲೇ ಅಂಟಿಸಿಬಿಡುತ್ತಾರೆ. ಹೆಸರು ಚೆನ್ನಾಗಿಯೇ ಇರುತ್ತದೆ; ಆದರೆ ನಾಯಕನದಾಗಿರುವುದಿಲ್ಲ, ಲೇಖಕನದಾಗಿರುತ್ತದೆ. ಹೆಸರು ದಕ್ಕಿದ್ದು ಎನಿಸಬೇಕಾದರೆ ಅದರ ಅಂದಕ್ಕಿಂತ ಮೊದಲು ಮೂರು ಸಂಗತಿಗಳು ಗೊತ್ತಿರಬೇಕು. ಇಟ್ಟವರು ಯಾರು, ಇಟ್ಟಿದ್ದು ಯಾವಾಗ, ಆ ಹೊತ್ತಿಗೆ ಅವರು ಏನು ತೆತ್ತಿದ್ದರು. ಬಿಲ್ಬೋ ವಿಷಯದಲ್ಲಿ ಮೂರಕ್ಕೂ ಉತ್ತರವಿದೆ. ಹೆಸರಿನ ಸರಳತೆಯೂ ಅವನದೇ. ಮನೆ, ಊಟ, ತೋಟವೆಂದು ಬದುಕಿದವನ ಬಾಯಲ್ಲಿ ಗ್ಲಾಮ್‌ಡ್ರಿಂಗ್‌ನಂಥ ಹೆಸರು ಹುಟ್ಟುವುದಿಲ್ಲ.

ಆ ಹೆಸರು ಮುಂದೆಯೂ ದುಡಿಯುತ್ತದೆ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಅದೇ ಚೂರಿ ಫ್ರೋಡೋನ ಕೈಗೆ ಹೋಗುತ್ತದೆ. ಕೊನೆಗೆ ಅವನ ಸೇವಕ ಸ್ಯಾಮ್ ಅದನ್ನು ಹಿಡಿದು ಶೆಲೋಬ್ ಎಂಬ ಮಹಾಜೇಡವನ್ನು ಗಾಯಗೊಳಿಸುತ್ತಾನೆ. ಜೇಡವನ್ನು ಕೊಂದು ಹೆಸರು ಪಡೆದ ಚೂರಿ ಮತ್ತೊಂದು ಜೇಡದ ಎದುರು ನಿಲ್ಲುತ್ತದೆ, ಈ ಸಲ ಇನ್ನೊಬ್ಬನ ಕೈಯಲ್ಲಿ.

ಹಡಗಿನ ತೊಡಕು

ಕತ್ತಿಗೆ ಹೆಸರಿಡಲು ಕಾಯಬಹುದು. ಹಡಗಿನದು ಬೇರೆ ಕಥೆ. ಅದು ಇನ್ನೂ ಏನೂ ಮಾಡದಿರುವಾಗಲೇ, ನೀರಿಗಿಳಿಸುವ ದಿನ, ಒಡೆಯ ಅದಕ್ಕೆ ಹೆಸರಿಡುತ್ತಾನೆ. ಹಾಗಾಗಿ ಹಡಗಿನ ಹೆಸರಿನಲ್ಲಿ ನಡೆದದ್ದರ ನೆನಪಿಗಿಂತ ಮುಂದಿನ ಆಸೆ ಹೆಚ್ಚು. ಕೆಲಸ ಮಾಡುವ ಮುಂಚೆಯೇ ಬಂದ ಹೆಸರು ದಕ್ಕುವುದು ಹೇಗೆ?

ಒಂದು ದಾರಿಯನ್ನು ಉರ್ಸುಲಾ ಲೆ ಗ್ವಿನ್ 1968ರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ಯಲ್ಲಿ ತೋರಿಸುತ್ತಾರೆ. ನೆರಳೊಂದನ್ನು ಬೆನ್ನಟ್ಟುತ್ತಿರುವ ಯುವ ಮಾಂತ್ರಿಕ ಗೆಡ್‌ನ ದೋಣಿ ಒಡೆದುಹೋಗಿ, ಅವನು ದ್ವೀಪವೊಂದರ ಬಡ ಹಳ್ಳಿ ಸೇರುತ್ತಾನೆ. ಅಲ್ಲಿ ಒಬ್ಬ ಮುದುಕನ ಬಳಿ ದೋಣಿಯಿದೆ. ಅವನ ಕಣ್ಣಿಗೆ ಪೊರೆ ಬಂದಿದೆ. ಗೆಡ್ ಪೊರೆ ತೆಗೆದು ಕಣ್ಣು ಕೊಡುತ್ತಾನೆ, ಮುದುಕ ದೋಣಿ ಕೊಡುತ್ತಾನೆ. ಅದಕ್ಕೆ ಮೊದಲು ಒಂದು ಕಡಲ ಹಕ್ಕಿಯ ಹೆಸರಿತ್ತು. ಇನ್ನು ಮುಂದೆ ಅದನ್ನು ‘ಲುಕ್‌ಫಾರ್’, ಅಂದರೆ ದೂರ ನೋಡುವವಳು ಎಂದು ಕರೆ, ಮೂತಿಯ ಎರಡೂ ಕಡೆ ಕಣ್ಣು ಬರೆ ಎನ್ನುತ್ತಾನೆ ಮುದುಕ. ದೋಣಿಯಿನ್ನೂ ಗೆಡ್‌ನನ್ನು ಎಲ್ಲಿಗೂ ಒಯ್ದಿಲ್ಲ. ಆದರೂ ಹೆಸರಿನ ಬೆಲೆ ಸಂದಾಯವಾಗಿದೆ, ಒಬ್ಬ ಮನುಷ್ಯನ ಮರಳಿ ಬಂದ ಕಣ್ಣಿನಿಂದ. ಹೆಸರಿಟ್ಟವನು ನಾಯಕನಲ್ಲ ಎಂಬುದೂ ಇಲ್ಲಿ ಮುಖ್ಯ. ತನ್ನ ವಸ್ತುವಿಗೆ ತಾನೇ ಇಟ್ಟ ಹೆಸರಿಗಿಂತ ಇನ್ನೊಬ್ಬರು ಹರಸಿ ಕೊಟ್ಟ ಹೆಸರು ಹೆಚ್ಚು ತೂಗುತ್ತದೆ. ಮುಂದಿನ ಪುಸ್ತಕಗಳಲ್ಲೂ ಗೆಡ್ ಅದೇ ದೋಣಿಯಲ್ಲಿ ತಿರುಗುತ್ತಾನೆ.

ಇನ್ನೊಂದು ದಾರಿ ಟೋಲ್ಕಿನ್ ತೀರಿಕೊಂಡ ಮೇಲೆ 1980ರಲ್ಲಿ ಬಂದ ‘ಅನ್‌ಫಿನಿಷ್ಡ್ ಟೇಲ್ಸ್’ನಲ್ಲಿದೆ. ಕಡಲಿನ ಹುಚ್ಚು ಹತ್ತಿದ ರಾಜಕುಮಾರ ಅಲ್ದಾರಿಯನ್ ಭಾರಿ ಹಡಗು ಕಟ್ಟಿಸುತ್ತಾನೆ. ಪಕ್ಕೆಲುಬು ಬಿಟ್ಟುಕೊಂಡು ನಿಂತ ಆ ಒಡಲನ್ನು ನೋಡಿದ ಜನ ಅದನ್ನು ಮರದ ತಿಮಿಂಗಿಲ ಎನ್ನುತ್ತಾರೆ. ಅದರ ನಿಜವಾದ ಹೆಸರು ಹಿರಿಲೊಂದೆ, ರೇವು ಕಾಣುವಂಥದು. ಒಂದೇ ಹಡಗಿಗೆ ಎರಡು ಬಾಯಿಗಳಿಂದ ಎರಡು ಹೆಸರು. ಒಡೆಯನ ಹೆಸರಲ್ಲಿ ಅವನ ಕನಸಿದೆ, ದಂಡೆಯ ಜನರ ಹೆಸರಲ್ಲಿ ಕಣ್ಣಿಗೆ ಬಿದ್ದ ಆಕಾರವಿದೆ. ಹೀಗೆ ಎರಡು ಹೆಸರು ಕಂಡೊಡನೆ ಆ ಲೋಕದಲ್ಲಿ ನಾಯಕನಲ್ಲದೆ ಬೇರೆ ಜನರೂ ಬದುಕುತ್ತಿದ್ದಾರೆ ಎಂಬ ನಂಬಿಕೆ ಹುಟ್ಟುತ್ತದೆ. ‘ಹಾಬಿಟ್’ನ ದೊಡ್ಡ ಕತ್ತಿಗಳಿಗೂ ಹೀಗೆಯೇ ಆಗಿದೆ. ಅವುಗಳಿಂದ ಏಟು ತಿಂದ ಗಾಬ್ಲಿನ್‌ಗಳು ಅವನ್ನು ಸಿಟ್ಟಿನಿಂದ ಕಚ್ಚುವುದು, ಬಡಿಯುವುದು ಎಂದು ಕರೆಯುತ್ತವೆ. ಶತ್ರುವೂ ಹೆಸರಿಟ್ಟ ಕತ್ತಿಯ ಕೀರ್ತಿಗೆ ಬೇರೆ ಸಾಕ್ಷಿ ಬೇಡ.

ಕುದುರೆ ಬರುವುದು ಲಾಯದಿಂದ

ಕುದುರೆಗೆ ಮೊದಲ ಹೆಸರು ಸಾಮಾನ್ಯವಾಗಿ ಬಣ್ಣ, ಗುರುತು ಅಥವಾ ಚಾಳಿಯಿಂದ ಬರುತ್ತದೆ. ಮೈ ತಿಕ್ಕುವವನು, ಹುಲ್ಲು ಹಾಕುವವನು ಅದನ್ನು ಗುರುತಿಸುವುದೇ ಹಾಗೆ. ನಾಲ್ಕು ಕಾಲೂ ಮುಖವೂ ಬೆಳ್ಳಗಿರುವ ಕುದುರೆಯನ್ನು ನಮ್ಮವರು ಪಂಚಕಲ್ಯಾಣಿ ಎಂದಿದ್ದು ಹೀಗೆಯೇ. ಟೋಲ್ಕಿನ್‌ನ ಕುದುರೆ ಸಾಕುವ ರೋಹನ್ ನಾಡಿನಲ್ಲಿ ಶ್ಯಾಡೋಫ್ಯಾಕ್ಸ್, ಸ್ನೋಮೇನ್ ಎಂಬ ಹೆಸರುಗಳು ನೆರಳಿನಂಥ ಕೇಸರ, ಹಿಮದಂಥ ಕೇಸರ ಎಂದಷ್ಟೇ ಹೇಳುತ್ತವೆ. ಸವಾರನ ಪರಾಕ್ರಮ ಅವುಗಳಲ್ಲಿಲ್ಲ.

ಆದರೆ ಅದೇ ನಾಡಿನ ಮೂಲಪುರುಷನ ಕುದುರೆಗೆ ಹೆಸರು ಬಂದ ಬಗೆ ಬೇರೆ. ಕುದುರೆ ಪಳಗಿಸುವುದರಲ್ಲಿ ಹೆಸರಾದ ಲೆಯೋಡ್ ಕಾಡು ಮರಿಯೊಂದನ್ನು ಹಿಡಿದು ಸಾಕುತ್ತಾನೆ. ಅದು ಬಲಿತ ಮೇಲೆ ಏರಲು ಹೋದಾಗ ಅವನನ್ನು ಹೊತ್ತು ಓಡಿ ಕೆಡವುತ್ತದೆ. ತಲೆ ಬಂಡೆಗೆ ಬಡಿದು ಅವನು ಸಾಯುತ್ತಾನೆ. ಹದಿನಾರು ವರ್ಷದ ಮಗ ಎಯೋರ್ಲ್ ಅದನ್ನು ಹುಡುಕಿಕೊಂಡು ಹೋಗುತ್ತಾನೆ. ಕಂಡೊಡನೆ ಬಾಣ ಬಿಡುತ್ತಾನೆ ಎಂದೇ ಜೊತೆಯವರ ಎಣಿಕೆ. ಅವನು ಮಾತ್ರ ಕುದುರೆಯನ್ನು ನರಹಂತಕ ಎಂದು ಕರೆದು, ಬಾ, ಹೊಸ ಹೆಸರು ಪಡೆ ಎನ್ನುತ್ತಾನೆ. ತಂದೆಯ ಸಾವಿಗೆ ದಂಡವಾಗಿ ಅದು ತನ್ನ ಸ್ವಾತಂತ್ರ್ಯವನ್ನೇ ತೆರಬೇಕು. ಕುದುರೆ ಬರುತ್ತದೆ. ಅವನು ಲಗಾಮಿಲ್ಲದೆ ಅದನ್ನೇರಿ ಮನೆಗೆ ಮರಳುತ್ತಾನೆ. ಅದಕ್ಕೆ ಸಿಕ್ಕ ಹೆಸರು ಫೆಲಾರೋಫ್. ಹಳೆಯ ಹೆಸರಿನಲ್ಲಿ ಅಪರಾಧವಿತ್ತು, ಹೊಸ ಹೆಸರಿನಲ್ಲಿ ಒಪ್ಪಂದವಿದೆ. ಹೆಸರಿಡುವುದೇ ಇಲ್ಲಿ ತೀರ್ಪು ಕೊಡುವ ಕೆಲಸ.

ಹುಸಿ ಹೆಸರಿಗೂ ಕೆಲಸವಿದೆ

ದಕ್ಕದ ಹೆಸರನ್ನು ಬೇಕೆಂದೇ ಬಳಸಿದವರಲ್ಲಿ ಜಾರ್ಜ್ ಆರ್. ಆರ್. ಮಾರ್ಟಿನ್ ದೊಡ್ಡವರು. 2000ದಲ್ಲಿ ಬಂದ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ನಲ್ಲಿ ಸ್ಟಾರ್ಕ್ ಮನೆತನದ ಹಳೆಯ ಕತ್ತಿ ಐಸ್ ಅನ್ನು ಕರಗಿಸಿ ಎರಡು ಹೊಸ ಕತ್ತಿ ಮಾಡುತ್ತಾರೆ. ಒಂದು ಬಾಲರಾಜ ಜಾಫ್ರಿಗೆ ಮದುವೆಯ ಉಡುಗೊರೆ. ಅವನು ಯುದ್ಧದಲ್ಲಿ ಅದನ್ನು ಬೀಸಿದವನಲ್ಲ, ಸುಮ್ಮನೆ ‘ವಿಧವೆಯ ಗೋಳು’ ಎಂದು ಹೆಸರಿಟ್ಟು ಮೆರೆಯುತ್ತಾನೆ. ಅದೇ ಮದುವೆಯ ಔತಣದಲ್ಲಿ ವಿಷ ತಿಂದು ಸಾಯುತ್ತಾನೆ. ವಿಧವೆಯಾದವಳು ಅವನ ವಧು. ಇನ್ನೊಂದು ಕತ್ತಿ ಜೇಮಿಯ ಕೈಗೆ ಬಂದು, ಅವನು ಅದನ್ನು ಬ್ರಿಯೆನ್ ಎಂಬ ಯೋಧೆಗೆ ಕೊಡುತ್ತಾನೆ. ಆ ಕತ್ತಿಯ ಹಳೆಯ ಒಡೆಯನ ಮಗಳನ್ನು ಹುಡುಕಿ ಕಾಪಾಡು, ಇದನ್ನು ‘ಆಣೆಪಾಲಕ’ ಎಂದು ಕರೆ ಎನ್ನುತ್ತಾನೆ. ಕಬ್ಬಿಣ ಒಂದೇ, ಹೆಸರಿನ ನೈತಿಕ ತೂಕ ಎರಡು. ಬ್ರಿಯೆನ್ ಇನ್ನು ಆ ಹೆಸರನ್ನು ತೀರಿಸಬೇಕು. ಹೆಸರು ಅವಳ ಹೆಗಲ ಮೇಲಿನ ಸಾಲ.

ಆಯುಧಕ್ಕೆ ಹೀಗೆ ಮಾತು ಅಂಟಿಕೊಂಡರೆ ಏನಾಗುತ್ತದೆ ಎಂಬುದು ನಮಗೆ ಹೊಸದಲ್ಲ. ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರನ್ನು ಕೊಲ್ಲುತ್ತೇನೆ ಎಂಬುದು ಅರ್ಜುನನ ಗುಟ್ಟಿನ ಪ್ರತಿಜ್ಞೆ. ಕರ್ಣಪರ್ವದಲ್ಲಿ ನೊಂದ ಧರ್ಮರಾಯ ಅದೇ ಮಾತು ಆಡಿದಾಗ ಅರ್ಜುನ ಅಣ್ಣನ ಮೇಲೇ ಕತ್ತಿ ಎತ್ತುತ್ತಾನೆ, ಕೃಷ್ಣ ತಡೆಯಬೇಕಾಗುತ್ತದೆ. ಆ ಬಿಲ್ಲಿನ ಹೆಸರು ಕಿವಿಗೆ ಬಿದ್ದರೆ ನಮಗೆ ಗದ್ದಲ ಕೇಳಿಸುವುದು ಇಂಥ ಸಂದರ್ಭಗಳಿಂದ.

ಕನ್ನಡದಲ್ಲಿ ಬರೆಯುವವರ ಬುತ್ತಿ

ಕನ್ನಡದಲ್ಲಿ ಇಂಥ ಕಾದಂಬರಿ ಬರೆಯುವವರು ಎಲ್ಫ್‌ಗಳ ಭಾಷೆ ಕಟ್ಟಬೇಕಾಗಿಲ್ಲ. ಹೆಸರಿಗೆ ವಯಸ್ಸು, ಅಂತಸ್ತು ಕೊಡುವ ಸಲಕರಣೆ ನುಡಿಯೊಳಗೇ ಇದೆ.

ಮೊದಲನೆಯದು ಪಕಾರ. ಹಳಗನ್ನಡದ ಪಾವು, ಪುಲಿ, ಪಾಲ್ ನಡುಗನ್ನಡದಿಂದ ಇತ್ತ ಹಾವು, ಹುಲಿ, ಹಾಲು ಆದವು. ಕಾದಂಬರಿಯ ಕತ್ತಿಯ ಅಲಗಿನ ಮೇಲೆ ‘ಪಾವು’ ಎಂದು ಕೊರೆದಿದ್ದು, ಸಿಪಾಯಿಗಳು ಅದನ್ನು ‘ಹಾವು’ ಎಂದು ಕರೆದರೆ ಸಾಕು. ಅದು ಐದಾರು ತಲೆಮಾರಿಗಿಂತ ಹಳೆಯದು ಎಂದು ಬೇರೆ ಹೇಳಬೇಕಿಲ್ಲ. ಒಮ್ಮೆ ಹೀಗೆ ಮಾಡಿದ ಮೇಲೆ ಆ ಲೋಕದ ಎಲ್ಲ ಹಳೆಯ ಹೆಸರುಗಳೂ ಅದೇ ಕಟ್ಟಳೆಗೆ ಒಳಪಡಬೇಕು. ನಿನ್ನೆ ಕಟ್ಟಿದ ದೋಣಿಗೆ ಪಕಾರದ ಹೆಸರಿದ್ದರೆ ಅದಕ್ಕೊಂದು ಕಾರಣ ಕಥೆಯಲ್ಲಿರಬೇಕು.

ಎರಡನೆಯದು ಸಂಸ್ಕೃತ ಮತ್ತು ಅಚ್ಚಗನ್ನಡದ ನಡುವಿನ ಅಂತಸ್ತು. ಆಸ್ಥಾನದ ಹೆಸರು ಸಮಾಸದಲ್ಲಿ, ಲಾಯದ ಹೆಸರು ಮನೆಮಾತಿನಲ್ಲಿ. ಇವೆರಡನ್ನೂ ಬೆರೆಸಿದರೆ ವ್ಯಾಕರಣದವರು ಅರಿಸಮಾಸ ಎಂದು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಬಿರುದುಗಳಿಗೆ ಅದರಿಂದ ವಿನಾಯಿತಿಯಿದೆ. ನಿನ್ನೆ ಮೊನ್ನೆ ಅಧಿಕಾರಕ್ಕೆ ಬಂದ ಪಾಳೇಗಾರ ತನ್ನ ಕುದುರೆಗೆ ಅರ್ಧ ಸಂಸ್ಕೃತ, ಅರ್ಧ ಕನ್ನಡದ ಬಿರುದಿನಂಥ ಹೆಸರಿಟ್ಟರೆ, ಜಾಫ್ರಿಯ ಕತ್ತಿ ಮಾಡಿದ ಕೆಲಸವನ್ನು ಆ ಹೆಸರೇ ಮಾಡುತ್ತದೆ.

ಮೂರನೆಯದು ಅಳತೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದಲ್ಲಿ ಒಂದು ನಾಯಿಯ ಕಥೆಯಿದೆ. ತಕ್ಕೋಲಂ ಯುದ್ಧದಲ್ಲಿ, ಸುಮಾರು ಕ್ರಿ.ಶ. 949ರಲ್ಲಿ, ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ಬೇಕಾದ್ದನ್ನು ಕೇಳು ಎಂದಾಗ, ಅವನು ಕೇಳಿದ್ದು ಬೂತುಗನ ಬೇಟೆನಾಯಿ ಕಾಳಿಯನ್ನು. ಆಮೇಲೆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ‘ಕಾಳಿ’ ಎಂಬ ಎರಡಕ್ಷರದಲ್ಲಿ ಬಡಾಯಿಯೇ ಇಲ್ಲ. ಊರು, ದಾನ ಬಿಟ್ಟು ಅದನ್ನು ಕೇಳಿದವನಿದ್ದಾನೆ, ಅದು ಸತ್ತ ರೀತಿಯಿದೆ. ಹೆಸರು ನಿಂತಿರುವುದು ಅವುಗಳ ಮೇಲೆ.

ಒಂದು ಕುದುರೆಯನ್ನು ಕಟ್ಟಿ ನೋಡೋಣ

ಕಲ್ಪಿತ ಕರಾವಳಿ ರಾಜ್ಯವೊಂದರ ಕಾದಂಬರಿ ಎಂದುಕೊಳ್ಳಿ. ನಾಯಕಿ ಮಾಚಿ, ಓಲೆ ಒಯ್ಯುವವಳು. ಅವಳಿಗೊಂದು ಹೆಣ್ಣು ಕುದುರೆ ಬೇಕು. ಮೊದಲಿಗೆ ಹೊಳೆಯುವುದು ಪವನವೇಗ, ವಿದ್ಯುಲ್ಲತೆ ಇತ್ಯಾದಿ. ಅವನ್ನು ಪಕ್ಕಕ್ಕಿಟ್ಟು, ಆ ಕುದುರೆಯನ್ನು ಮೊದಲು ಕರೆದವರು ಯಾರು ಎಂದು ಕೇಳೋಣ. ಲಾಯದ ಕೆಂಚ. ಅವನ ಕಣ್ಣಿಗೆ ಬಿದ್ದದ್ದೇನು? ಹಾದಿಯಲ್ಲಿ ತೊರೆ ಬಂದರೆ ಕುದುರೆ ಕಾಲೂರಿ ನಿಂತುಬಿಡುತ್ತದೆ. ಮನೆಮುರುಕಿ, ಬಾಯಿಬಡುಕಿ ಎಂದು ಬೈಯುವ ಅಚ್ಚಿನಲ್ಲೇ ಅವನು ಅದನ್ನು ‘ನೀರಂಜಿ’ ಎನ್ನುತ್ತಾನೆ. ನೀರಿಗೆ ಅಂಜುವವಳು. ಮೂರೇ ಅಕ್ಷರ, ಕೊನೆಗೆ ಸ್ವರ. ಬಯಲಿನಾಚೆ ನಿಂತು ಕೂಗಿದರೂ ಕೇಳಿಸುತ್ತದೆ.

ಈಗ ಹೆಸರಿಗೆ ಬೆಲೆ ತೆರಿಸಬೇಕು. ಆರಂಭದ ಅಧ್ಯಾಯವೊಂದರಲ್ಲಿ ನೀರಂಜಿ ಕಡವಿನಲ್ಲಿ ನಿಂತುಬಿಟ್ಟು, ಮಾಚಿ ಸುತ್ತು ಹಾದಿ ಹಿಡಿಯಬೇಕಾಗುತ್ತದೆ. ಓಲೆ ತಡವಾಗಿ, ಎಚ್ಚರಿಕೆ ಸಿಗದ ಹಳ್ಳಿ ಸುಟ್ಟುಹೋಗುತ್ತದೆ. ಅಲ್ಲಿಯವರೆಗೆ ತಮಾಷೆಯಾಗಿದ್ದ ಹೆಸರು ಅಂದಿನಿಂದ ಚುಚ್ಚುತ್ತದೆ. ಆಮೇಲೆ ದುಡಿಮೆ. ನೀರಿಗೆ ಹೆದರುವ ಕುದುರೆ ಧೈರ್ಯದ ಇನ್ನೊಂದು ಕುದುರೆ ಮುಂದಿದ್ದರೆ ಅದರ ಹಿಂದೆ ಇಳಿಯುವುದುಂಟು. ಮಾಚಿ ಚಳಿಗಾಲವಿಡೀ ಕೆಂಚನ ಮುದಿ ಕುದುರೆಯ ಬೆನ್ನಿಗೆ ನೀರಂಜಿಯನ್ನು ನಡೆಸುತ್ತಾಳೆ, ಮೊದಲು ಗೊರಸು ಮುಳುಗುವಷ್ಟು, ಆಮೇಲೆ ಮಂಡಿಯುದ್ದ. ಮಳೆಗಾಲದ ಪ್ರವಾಹದ ರಾತ್ರಿ ಮುಂದೆ ಹೋಗಲು ಆ ಮುದಿ ಕುದುರೆ ಇಲ್ಲ. ನೀರಂಜಿ ಒಬ್ಬಳೇ ಇಳಿಯುತ್ತಾಳೆ.

ಹೆಸರಿನ ನಿಜವಾದ ಪರೀಕ್ಷೆ ಇದಾದ ಮೇಲೆ. ಆಸ್ಥಾನದವರು ಅದನ್ನು ‘ಜಲವಿಜಯೆ’ ಎಂದು ಶಾಸನದಲ್ಲಿ ಕೊರೆಸಲು ಬರುತ್ತಾರೆ. ಮಾಚಿ ಒಪ್ಪುವುದಿಲ್ಲ. ಜಲವಿಜಯೆ ಎಂದರೆ ಹೆದರದವಳ ಗೆಲುವಾಗುತ್ತದೆ. ಹೆದರಿಯೂ ಇಳಿದವಳು ನೀರಂಜಿ. ಅಕ್ಷರ ಒಂದೂ ಬದಲಾಗದೆ ಬೈಗುಳ ಬಿರುದಾಗಿದೆ. ಈ ಕುದುರೆಗೆ ಮೊದಲ ಪುಟದಲ್ಲೇ ಜಲವಿಜಯೆ ಎಂದು ಹೆಸರಿಟ್ಟಿದ್ದರೆ ಇಷ್ಟೂ ಕಥೆ ಬರೆಯಲು ಜಾಗವೇ ಇರುತ್ತಿರಲಿಲ್ಲ.

ಅದೇ ರಾಜ್ಯದ ಹಡಗಿಗೆ ಮುದ್ರೆಯಲ್ಲಿರುವ ಹೆಸರು ‘ಸಾಗರವಿಜಯ’. ಹೊಟ್ಟೆ ಉಬ್ಬಿದ ಅದರ ಒಡಲು ನೋಡಿ ಮಂಜಿ ನಡೆಸುವವರು ‘ಹಂಡೆ’ ಎನ್ನುತ್ತಾರೆ. ಯಾರು ಯಾವ ಹೆಸರು ಹೇಳುತ್ತಾರೆ ಎಂಬುದರಿಂದಲೇ ಅವರು ಯಾವ ಕಡೆಯವರು ಎಂದು ತೋರಿಸಬಹುದು. ಹಂಡೆ ಎನ್ನುತ್ತಿದ್ದ ಅಂಬಿಗ ಒಂದು ದಿನ ಸಾಗರವಿಜಯ ಎಂದರೆ, ಅವನು ಅರಮನೆಯ ಕಡೆ ವಾಲಿದ್ದಾನೆ ಎಂದು ಓದುಗ ತಾನೇ ಊಹಿಸುತ್ತಾನೆ. ಕತ್ತಿಯ ಹೆಸರು ‘ಒತ್ತೆ’: ಮಾಚಿಯ ಅಜ್ಜ ಹೊಲ ಒತ್ತೆಯಿಟ್ಟು ಕಮ್ಮಾರನಿಂದ ಅದನ್ನು ಪಡೆದಿದ್ದ, ಹೊಲ ಇನ್ನೂ ಬಿಡಿಸಿಕೊಂಡಿಲ್ಲ. ಒರೆಯಿಂದ ತೆಗೆದಾಗಲೆಲ್ಲ ಬಾಕಿ ನೆನಪಾಗುತ್ತದೆ. ಕಥೆ ಮುಗಿಯುವ ಮೊದಲು ಯಾರಾದರೂ ಅದನ್ನು ತೀರಿಸಲೇಬೇಕು. ತೀರದಿದ್ದರೆ ಆ ಹೆಸರು ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಎಲ್ಲಿ ಕೆಡುತ್ತದೆ

ಹೆಚ್ಚು ಕೆಡುವುದು ಸಂಖ್ಯೆಯಿಂದ. ಪ್ರತಿ ಸಿಪಾಯಿಯ ಕತ್ತಿಗೂ ಹೆಸರಿದ್ದರೆ ಹೆಸರಿರುವ ಕತ್ತಿಗೆ ಬೆಲೆಯಿಲ್ಲ. ಬಿಲ್ಬೋನ ಚೂರಿಗೆ ತೂಕ ಬಂದದ್ದೂ ಅದು ಅಷ್ಟು ಕಾಲ ಹೆಸರಿಲ್ಲದೆ ಇದ್ದುದರಿಂದ. ಇನ್ನೊಂದು ಕೇಡು, ಎಲ್ಲ ಹೆಸರುಗಳೂ ಒಂದೇ ಬಾಯಿಂದ ಬಂದಂತೆ ಕೇಳಿಸುವುದು: ಕಳ್ಳನ ಕುದುರೆಯೂ ರಾಜನ ಹಡಗೂ ಒಂದೇ ಅಳತೆಯ ಸಂಸ್ಕೃತ ಸಮಾಸ. ಮೂರನೆಯದು, ಹೆಸರು ಬಂದ ಕೂಡಲೇ ಅದರ ಅರ್ಥವನ್ನು ಯಾರೋ ಒಬ್ಬರು ಭಾಷಣದಂತೆ ಬಿಡಿಸಿ ಹೇಳುವುದು. ಅರ್ಥ ತಡವಾಗಿ, ಬೇರೆ ಮಾತಿನ ನಡುವೆ ಹೊರಬಿದ್ದರೆ ಓದುಗನೇ ಅದನ್ನು ಕಂಡುಕೊಂಡಂತಾಗುತ್ತದೆ.

ಕೆಟ್ಟಿದೆಯೋ ಇಲ್ಲವೋ ತಿಳಿಯಲು ಒಂದು ಸರಳ ಪರೀಕ್ಷೆ ಸಾಕು. ಕರಡಿನಲ್ಲಿ ಆ ಹೆಸರು ತೆಗೆದು ಅಷ್ಟೇ ಚೆಂದದ ಬೇರೆ ಹೆಸರು ಹಾಕಿ, ಇಡೀ ಕಥೆ ಓದಿ. ಎಲ್ಲೂ ಏನೂ ಮುರಿಯದಿದ್ದರೆ ಮೊದಲಿನದು ದಕ್ಕಿರಲಿಲ್ಲ. ನೀರಂಜಿಯ ಜಾಗದಲ್ಲಿ ಪವನವೇಗ ಹಾಕಿದರೆ ಕೆಂಚನ ಗೇಲಿ, ಸುಟ್ಟ ಹಳ್ಳಿಯ ಹೊಣೆ, ಆಸ್ಥಾನದ ಜಗಳ ಮೂರೂ ಕಳಚಿ ಬೀಳುತ್ತವೆ. ಹೆಸರು ಕಿತ್ತಾಗ ಅದರ ಜೊತೆ ಎಷ್ಟು ದೃಶ್ಯಗಳು ಬರುತ್ತವೆ ಎಂದು ಎಣಿಸಿ. ಒಂದೂ ಬರದಿದ್ದರೆ ಆ ಕುದುರೆಯನ್ನು ಸದ್ಯಕ್ಕೆ ಕುದುರೆ ಎಂದೇ ಕರೆಯಿರಿ. ಅದು ಏನಾದರೂ ಮಾಡಿದ ದಿನ, ಅದನ್ನು ನೋಡಿದ ಪಾತ್ರವೊಂದು ಹೆಸರಿಡಲಿ.